ಹನ್ನೊಂದು ಗಂಟೆಯ ಟೆಲಿಫೋನು

ಕರ್ನಾಟಕ ಒಂದಾದ ಮರುವರ್ಷ, ಹತ್ತಿಯ ಸುಗ್ಗಿಯಲ್ಲಿ, ಬೆಟಗೇರಿಯ ನಮ್ಮ ಮನೆಗೆ ಹುಬ್ಬಳ್ಳಿಯಿಂದ ಒಂದು ಕಾರ್ಡು ಬಂತು. ಅಲ್ಲಿ ಹೊಸದಾಗಿ ಕಚೇರಿ ತೆರೆದ ಗಿರಣಿಯವರಿಗೆ ಹತ್ತಿ ಖರೀದಿಯ ಪತ್ರವ್ಯವಹಾರವನ್ನು ಕನ್ನಡದಲ್ಲಿ ನಡೆಸುವ ಕಾರಕೂನ ಬೇಕಾಗಿದ್ದ. ನಾನು ಅರ್ಜಿ ಹಾಕಿದ್ದೆ. 'ಸೋಮವಾರ ಹನ್ನೊಂದು ಗಂಟೆಗೆ ನೀವಿರುವ ಅಂಗಡಿಗೇ ಟ್ರಂಕ್ ಕಾಲ್ ಮಾಡುತ್ತೇನೆ, ಸಿದ್ಧರಾಗಿರಿ' ಎಂದು ಅವರ ಮ್ಯಾನೇಜರು ಬರೆದಿದ್ದರು.

ಅವರಿಗೇನು, ಬರೆದರು. ನಾನು ಕಾರಕೂನನಾಗಿದ್ದ ಗದಗಿನ ಹತ್ತಿ ದಲಾಲಿಯ ಅಡತಿ ಅಂಗಡಿಯಲ್ಲಿ ಟೆಲಿಫೋನು ಇದ್ದದ್ದು ಸಾಹುಕಾರರ ಗಾದಿಯ ಪಕ್ಕದಲ್ಲಿ. ಅದನ್ನು ಅವರು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಬರೆದ ಕಾಗದಗಳನ್ನು ಪೇಟೆಯ ಮಂದಿಯೆದುರು ನನ್ನ ಮುಖಕ್ಕೇ ಎಸೆಯುತ್ತಿದ್ದ ಮನುಷ್ಯ ಅವರು. "ನನ್ನ ಅಂಗಡಿ ಬಿಟ್ರ ನಿನ್ನ ಯಾವ ನಾಯೀನೂ ಮೂಸಿ ನೋಡಂಗಿಲ್ಲಲೇ" ಎಂಬುದು ಅವರ ದಿನದ ಮಂತ್ರ. ಸುದ್ದಿ ಅವರ ಕಿವಿಗೆ ಬಿದ್ದರೆ ಆ ನೌಕರಿ ಸಿಗುವ ಮೊದಲೇ ಈ ನೌಕರಿ ಹೋಗುತ್ತಿತ್ತು.

ಆದರೂ ನನಗೊಂದು ದುರಾಸೆ. ಫೋನು ಗಣಗಣಿಸಲಿ, ಅವರೇ ಎತ್ತಲಿ, ಇಡೀ ಅಂಗಡಿಯೆದುರು ಹುಬ್ಬಳ್ಳಿಯ ಸಾಹೇಬ ನನ್ನನ್ನು ಕೇಳಲಿ! ಹೆಂಡತಿಗೆ ಹೇಳಿದೆ. ಅವಳು ನೂಲು ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಸಿಟ್ಟಿನಾಗ ಮೂಗು ಕೊಯ್ಕೊಂಡ್ರ ನೆಗಡಿ ಬಂದಾಗ ಏನ್ ಮಾಡ್ತೀರಿ? ಮದಲ ನೌಕರಿ ಸಿಗಲಿ. ಈಗ ಹುಬ್ಬಳ್ಳಿಯವರಿಗೆ ಬ್ಯಾರೆ ಹೊತ್ತು ಹೇಳಿ ಕಾಗದ ಬರೀರಿ."

ಬರೆದೆ. 'ಸೋಮವಾರ ಆ ಹೊತ್ತಿಗೆ ನಾನು ಅಂಗಡಿಯ ಕೆಲಸದಲ್ಲಿ ಇರುತ್ತೇನೆ. ನಾನಿನ್ನೂ ಅಲ್ಲಿಯ ನೌಕರ. ಫೋನು ಮಾಲೀಕರದು, ಹೊತ್ತೂ ಅವರದು. ದಯವಿಟ್ಟು ಅಲ್ಲಿಗೆ ಫೋನು ಮಾಡಬಾರದು. ಬರುವ ಅಮಾವಾಸ್ಯೆಗೆ ಇಲ್ಲಿ ಪೇಟೆ ಬಂದ್ ಇರುತ್ತದೆ. ಅಂದು ಹನ್ನೊಂದಕ್ಕೆ ಪೋಸ್ಟ್ ಆಫೀಸಿನಿಂದ ನಾನೇ ಕಾಲ್ ಹಚ್ಚುತ್ತೇನೆ. ಬಾ ಎಂದರೆ ರೈಲು ಹತ್ತಿ ಖುದ್ದಾಗಿಯೂ ಬರುತ್ತೇನೆ.' ಶನಿವಾರ ಸಂಜೆ ಡಬ್ಬಿಗೆ ಹಾಕಿದೆ. ನಡುವೆ ಭಾನುವಾರ ಬರುತ್ತದೆಂಬುದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ.

ಸೋಮವಾರ ಹನ್ನೊಂದಕ್ಕೆ ಫೋನು ಗಣಗಣಿಸಿತು. ಸಾಹುಕಾರರು ಎತ್ತಿದರು. ಆಪರೇಟರು ನನ್ನ ಹೆಸರು ಹೇಳಿ ಕೇಳಿರಬೇಕು. ಅವರ ಕಣ್ಣು ನೆಟ್ಟಗೆ ನನ್ನ ಮೇಲೆ ಬಂತು. ನಾನು ಮಾರು ದೂರದಲ್ಲಿ ಟಾಕಿನ ಲೇಖನಿ ಹಿಡಿದು ಕುಳಿತಿದ್ದೆ. ಯಾರು, ಎಲ್ಲಿಂದ ಎಂದು ಸಹ ಅವರು ಕೇಳಲಿಲ್ಲ.

"ಅಂವಾ? ಅಂವ ಇಲ್ಲಿಲ್ರಿ. ಕೈ ಸ್ವಚ್ಛ ಇರಲಿಲ್ಲ, ಹೋದ ತಿಂಗಳನ ಹೊರಗ ಹಾಕೀನಿ."

ನನ್ನ ಮೈಯೆಲ್ಲ ಉರಿಯಿತು. ಎದ್ದು ಆ ಫೋನನ್ನು ಕಸಿದುಕೊಂಡು ಅವರ ತಲೆಯ ಮೇಲೆ ಕುಕ್ಕಬೇಕೆನಿಸಿತು. ಮನೆಯಲ್ಲಿ ಒಲೆ ಹೊತ್ತಬೇಕಲ್ಲ, ಹಲ್ಲು ಕಚ್ಚಿ ಕುಳಿತೆ. ಅವರು ಫೋನು ಇಟ್ಟು ನಕ್ಕರು.

"ಸುಗ್ಗಿ ಮುಗಿಯೂ ಮಟಾ ನಿನ್ನ ಬಿಡಂಗಿಲ್ಲ. ಆಮ್ಯಾಲ ನಾನ ಒದ್ದು ಹೊರಗ ಹಾಕ್ತೀನಿ. ಬರಿಯೋ, ಬರಿ."

ಕಳ್ಳನೆನಿಸಿಕೊಂಡ ಮೇಲೆ ಯಾರು ಕರೆಯುತ್ತಾರೆ? ಆದರೂ ಅಮಾವಾಸ್ಯೆಯ ದಿನ ಪೋಸ್ಟ್ ಆಫೀಸಿಗೆ ಹೋಗಿ ಕಾಲ್ ಬುಕ್ ಮಾಡಿದೆ. ಬಹಳ ಹೊತ್ತಿಗೆ ಲೈನು ಸಿಕ್ಕಿತು. ನಾನು ಉಸಿರು ಬಿಡದೆ, "ನಾನು ಕಳ್ಳ ಅಲ್ಲರಿ ಸಾಹೇಬ್ರ, ಇನ್ನೂ ಅಲ್ಲೇ ಕೆಲಸದಾಗ ಅದೀನಿ" ಎಂದೆ.

ಹುಬ್ಬಳ್ಳಿಯ ಆ ಮ್ಯಾನೇಜರು ಬೆಂಗಳೂರು ಕಡೆಯವರು, ಸಮಾಧಾನದಿಂದ ಹೇಳಿದರು: "ಗೊತ್ತು. ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ನಿಮ್ಮ ಕಾಗದ ಬಂತು. ಆ ಹೊತ್ತಿಗೆ ಅಂಗಡಿಯಲ್ಲೇ ಇರ್ತೀನಿ, ಫೋನ್ ಮಾಡಬೇಡಿ ಅಂತ ಬರೆದಿದ್ರಿ. ಅಲ್ಲೇ ಗದಗಿನ ಪೇಟೆಯಲ್ಲಿ ವಿಚಾರಿಸಿದೆ. ಒಬ್ಬರೂ ನಿಮ್ಮ ಮೇಲೆ ಕೆಟ್ಟ ಮಾತು ಹೇಳಲಿಲ್ಲ. ನಿಮ್ಮ ಸಾಹುಕಾರರ ಬಗ್ಗೆ ಮಾತ್ರ ಬೇಕಾದಷ್ಟು ಹೇಳಿದರು. ಯಾವಾಗ ಬರ್ತೀರಿ?"

ಸುಗ್ಗಿಯ ನಟ್ಟನಡುವೆ, ಅಂಗಡಿ ತುಂಬ ಮಂದಿ ಇರುವಾಗ, ಸಾಹುಕಾರರ ಗಾದಿಯ ಮೇಲೆ ರಾಜೀನಾಮೆ ಇಟ್ಟೆ. ಎಲ್ಲಿಗೆ ಹೊರಟೆ ಎಂದು ಅವರು ಗದರಿದರು. ಎಲ್ಲಿಗೆಂದು ಹೇಳದೆ ಚಪ್ಪಲಿ ಮೆಟ್ಟಿದೆ. ನಾಯಿ ಮೂಸುವ ಮಾತು ಅಂದು ಅವರ ಬಾಯಿಂದ ಬರಲಿಲ್ಲ.

ಹುಬ್ಬಳ್ಳಿಗೆ ಹೋದ ಮೂರನೆಯ ವಾರ ಟಪಾಲಿನಲ್ಲಿ ಅವರದೇ ಕಾಗದ ಸಿಕ್ಕಿತು. ಗೋದಾಮಿನಲ್ಲಿ ಹತ್ತಿ ತುಂಬಿದೆ, ಧಾರಣೆ ಇಳಿಯುತ್ತಿದೆ, ಗಿರಣಿಯವರು ಕೃಪೆ ಮಾಡಿ ಕೊಳ್ಳಬೇಕು ಎಂದಿತ್ತು. ಒಯ್ದು ಮ್ಯಾನೇಜರ ಮುಂದಿಟ್ಟೆ.

"ಎದುರಿಗೆ ಕೂತ ಮನುಷ್ಯನನ್ನೇ ಇಲ್ಲ ಅನ್ನೋರ ತೂಕ ಹೇಗೆ ನಂಬೋದು? ಬೇಡ ಅಂತ ಬರೀರಿ" ಎಂದರು ಅವರು.

ಒಳ್ಳೆಯ ಟಾಕು, ಒಳ್ಳೆಯ ಮಸಿ ತೆಗೆದುಕೊಂಡೆ. 'ನಿಮ್ಮ ಹತ್ತಿ ನಮಗೆ ಬೇಡ' ಎಂದು ದುಂಡಗೆ ಬರೆದು, ಕೆಳಗೆ ನನ್ನ ಪೂರ್ತಿ ಹೆಸರನ್ನು ಕುರುಡನಿಗೂ ಕಾಣುವಷ್ಟು ದೊಡ್ಡದಾಗಿ ಹಾಕಿದೆ. ಸಾಹುಕಾರರು ಅದನ್ನು ಅಂಗಡಿಯಲ್ಲಿ ಯಾರ ಮುಖಕ್ಕೆ ಎಸೆದರೋ ಗೊತ್ತಿಲ್ಲ. ನನಗೆ ಮಾತ್ರ ಅಂದು ಎರಡು ರೊಟ್ಟಿ ಹೆಚ್ಚಿಗೆ ಸೇರಿದವು.