ಮೊಮ್ಮಗಳಿಗೆ ಟೈಪಿಂಗ್ ಕಲಿಸಲು ಬಂದ ಅಜ್ಜ

ಬೈಲಹೊಂಗಲದ ಬಜಾರಿನಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಟೈಪಿಂಗ್ ಕ್ಲಾಸು ಇದೆ. ಮೊದಲು ಕಬ್ಬಿಣದ ಮಷಿನ್ನುಗಳಿದ್ದವು, ಈಗ ಕಂಪ್ಯೂಟರುಗಳಿವೆ. ಬರುವವರು ಮಾತ್ರ ಆಗಿನಂಥವರೇ: ಪಿಯುಸಿ ಮುಗಿಸಿದವರು, ಡಿಗ್ರಿ ಓದುವವರು, ನೌಕರಿಗೆ ಅರ್ಜಿ ಹಾಕಿ ಕಾಯುವವರು. ಹಾಗಾಗಿ ಬೇಸಿಗೆಯ ಸೂಟಿ ಶುರುವಾದ ಒಂದು ಮುಂಜಾನೆ, ಬಿಳಿ ಟೋಪಿಯ ಹಿರಿಯರೊಬ್ಬರು ಎರಡು ಜಡೆಯ ಪುಟ್ಟ ಹುಡುಗಿಯ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಾಗ, ಜೋಳದ ಬೀಜ ಕೇಳಲು ಬಂದವರು ಒಂದು ಮಹಡಿ ಹೆಚ್ಚೇ ಹತ್ತಿದ್ದಾರೆ ಎಂದುಕೊಂಡೆ.

‘ಬೀಜದ ಅಂಗಡಿ ಕೆಳಗೈತ್ರಿ ಕಾಕಾರ’ ಎಂದೆ.

‘ಗೊತ್ತೈತ್ರಿ ಬಾಯಾರ. ನಾವು ಟೈಪಿಂಗಿಗೆ ಬಂದೇವಿ. ಈಕಿಗೆ ಜೂನಿಯರ್ ಪರೀಕ್ಷಾ ಕಟ್ಟಸಬೇಕು.’

ನಾನು ಹುಡುಗಿಯನ್ನು ನೋಡಿದೆ. ಅವಳ ಮುಂದಿನ ಎರಡು ಹಲ್ಲು ಬಿದ್ದಿದ್ದವು.

‘ಎಷ್ಟನೆತ್ತಾರಿ?’

‘ಒಂದನೆತ್ತಾ ಮುಗಿದೈತಿ’ ಎಂದರು, ಒಂದನೆಯ ತರಗತಿಯಲ್ಲ, ಎಂ.ಎ. ಮುಗಿದಿದೆ ಎನ್ನುವ ಧಾಟಿಯಲ್ಲಿ.

ಅವರು ಸವದತ್ತಿಯ ಕಚೇರಿಯೊಂದರಲ್ಲಿ ಟೈಪಿಸ್ಟರಾಗಿದ್ದು ನಿವೃತ್ತರಾದವರು. ಊರು ಮುರಗೋಡ; ಈಗ ಮಗನ ಜೊತೆ ಇಲ್ಲೇ ಇದ್ದಾರೆ. ಮಗ ಟೈಪಿಂಗ್ ಕಲಿಯಲಿಲ್ಲ, ಮಗಳು ಅರ್ಧ ಕಲಿತು ಕೈಬಿಟ್ಟಳು. ಇನ್ನು ಉಳಿದವಳು ಈಕೆ. ಗಿಡವಾಗಿದ್ದಾಗಲೇ ಬಗ್ಗಿಸಬೇಕೆಂಬುದು ಅವರ ವಾದ. ಇದು ಗಿಡವೂ ಅಲ್ಲ, ಇನ್ನೂ ಎರಡು ಎಲೆಯ ಮೊಳಕೆ ಎಂದು ನನಗೆ ಕಂಡಿತು. ಹಾಗೆಂದು ಹೇಳುವ ಬದಲು ಹುಡುಗಿಯನ್ನು ಕರೆದು ಕೀಬೋರ್ಡಿನ ಮುಂದೆ ಕೂರಿಸಿದೆ. ಎಡಗೈಯ ನಾಲ್ಕು ಬೆರಳನ್ನು ಎ, ಎಸ್, ಡಿ, ಎಫ್ ಮೇಲೆ ಇಡಿಸಿದೆ. ಕಿರುಬೆರಳು ಎ ಮೇಲೆ ಕೂತರೆ ತೋರುಬೆರಳು ಎಫ್‌ನಿಂದ ಜಾರುತ್ತಿತ್ತು. ಅದನ್ನು ಸರಿಪಡಿಸಿದರೆ ಕಿರುಬೆರಳು ಮೇಲೆದ್ದು ನಿಲ್ಲುತ್ತಿತ್ತು.

‘ನೋಡ್ರಿ ಕಾಕಾರ, ಕೈಯಿನ್ನೂ ಅಷ್ಟು ಅಗಲ ಆಗಿಲ್ಲ. ಬೆರಳಿಗೆ ತಕ್ಕ ಪಾಠ ಮೂರನೆತ್ತಾ, ನಾಲ್ಕನೆತ್ತಾ ಆದಮ್ಯಾಲೆ ಕಲಸೋಣು. ಪರೀಕ್ಷಾದ ಮಾತಂತೂ ಇನ್ನೂ ಬಾಳ ಮುಂದಿಂದು.’

‘ಮತ್ತ ಈಗೇನು ಹಂಗ ಕಳಸ್ತೀರೇನು?’

‘ಇಲ್ಲ. ದಿನಾ ಹತ್ತು ಹದಿನೈದು ಮಿನಿಟು ಆಟ ಆಡಸ್ತೇನಿ.’

‘ಆಟ’ ಎಂದರು ಅವರು. ಆ ಒಂದು ಶಬ್ದದಲ್ಲಿ ನನ್ನ ಇಡೀ ಕ್ಲಾಸಿನ ಮರ್ಯಾದೆ ಕಳೆದಂತಿತ್ತು. ಆದರೂ ಮರುದಿನ ಬಂದರು. ಮೂಲೆಯ ಕುರ್ಚಿಯಲ್ಲಿ ಕೈಕಟ್ಟಿ, ತಪಾಸಣೆಗೆ ಬಂದ ಸಾಹೇಬರ ಹಾಗೆ ಕೂತರು.

ಮೊದಲ ಕಷ್ಟ ಕುರ್ಚಿಯದು. ನನ್ನ ಕುರ್ಚಿಗಳು ದೊಡ್ಡವರಿಗಾಗಿ ಮಾಡಿದವು. ಅದರಲ್ಲಿ ಕೂತರೆ ಹುಡುಗಿಯ ಗದ್ದ ಟೇಬಲ್ಲಿನ ಅಂಚಿಗೆ ಬರುತ್ತಿತ್ತು, ಭುಜಗಳು ಕಿವಿಯ ಹತ್ತಿರ ಹೋಗುತ್ತಿದ್ದವು, ಕಾಲು ಗಾಳಿಯಲ್ಲಿ. ಮನೆಯಿಂದ ಹಳೆಯ ಕೌದಿ ತಂದು ನಾಲ್ಕಾಗಿ ಮಡಚಿ ಕೆಳಗೆ ಹಾಕಿದೆ. ಈಗ ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬಂತು. ಬೆನ್ನಿಗೆ ದಿಂಬು ಕೊಟ್ಟೆ. ಕಾಲು ಇನ್ನೂ ಮೇಲೇರಿದ್ದರಿಂದ ಕೆಳಗಿನ ಅಂಗಡಿಯಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ತರಿಸಿ ಪಾದದಡಿ ಇಟ್ಟೆ. ಕಂಪ್ಯೂಟರಿನ ತೆರೆಯನ್ನು ಅವಳ ಕಣ್ಣಿನ ನೇರಕ್ಕಿಂತ ಸ್ವಲ್ಪ ಕೆಳಗೆ ಬರುವಂತೆ, ಅವಳು ಕೈ ಚಾಚಿದರೆ ಮುಟ್ಟುವಷ್ಟು ದೂರಕ್ಕೆ ಸರಿಸಿದೆ.

‘ಇಷ್ಟು ಸೇವಾ ನಮಗ ಯಾರೂ ಮಾಡಿರಲಿಲ್ಲ’ ಎಂದರು ಅಜ್ಜ ಮೂಲೆಯಿಂದ. ‘ನಾವು ಸ್ಟೂಲಿನ ಮ್ಯಾಲೆ ಕುಂತು ಕಲಿತೇವಿ.’

‘ಅದಕ್ಕ ನಿನ್ನ ಬೆನ್ನು ಡೊಂಕ ಆತೇನ್ ಅಜ್ಜಾ?’ ಎಂದಳು ಮೊಮ್ಮಗಳು. ಪಕ್ಕದ ಡಿಗ್ರಿ ಹುಡುಗಿಯರು ತಲೆ ತಗ್ಗಿಸಿ ಜೋರಾಗಿ ಟೈಪ್ ಮಾಡತೊಡಗಿದರು. ಅಜ್ಜ ಸ್ವಲ್ಪ ನೆಟ್ಟಗೆ ಕೂತರು.

ಅವಳಿಗೆ ಯಾವ ಬೆರಳು ಎಂಬ ಗೊಡವೆಯನ್ನೇ ನಾನು ಹಚ್ಚಲಿಲ್ಲ. ಎಡಗಡೆಯ ಅಕ್ಷರಕ್ಕೆ ಎಡಗೈ, ಬಲಗಡೆಯದಕ್ಕೆ ಬಲಗೈ, ಅಷ್ಟೇ. ಅದಕ್ಕೆ ಹೆಸರಿಟ್ಟವಳು ಅವಳೇ. ಎಡಗಡೆ ಬೈಲಹೊಂಗಲವಂತೆ, ಬಲಗಡೆ ಅವ್ವನ ತವರು ರಾಮದುರ್ಗವಂತೆ, ಕೆಳಗಿನ ಉದ್ದನೆಯ ಸ್ಪೇಸ್ ಕೀಲಿ ಬಸ್ಸಂತೆ. ಬಸ್ಸು ಓಡಿಸುವ ಹಕ್ಕು ಹೆಬ್ಬೆರಳಿಗೆ ಮಾತ್ರ. ಎಫ್ ಮತ್ತು ಜೆ ಮೇಲಿರುವ ಚಿಕ್ಕ ಉಬ್ಬನ್ನು ಕಣ್ಣು ಮುಚ್ಚಿ ಹುಡುಕುವುದು ಇನ್ನೊಂದು ಆಟ. ಕೂತು ಬೇಸರವಾದರೆ ಮೇಲಿನ ತಾರಸಿಯಲ್ಲಿ ಸೀಮೆಸುಣ್ಣದಿಂದ ದೊಡ್ಡ ಕೀಬೋರ್ಡು ಬರೆದು ಕುಂಟಾಟ: ನಾನು ಅಕ್ಷರ ಕೂಗಿದರೆ ಅವಳು ಅದರ ಮೇಲೆ ಹಾರಬೇಕು. ಒಂದು ದಿನ ಅವಳು ತೆರೆ ತೋರಿಸಿ ದೂರಿದಳು: ‘ಬಾಯಾರ, ಇದು ಸುಳ್ಳು ಮಾಡತೈತ್ರಿ. ನಾ ದೊಡ್ಡ ಎ ಒತ್ತಿದರ ಸಣ್ಣ ಎ ಬರತೈತಿ.’ ಕೀಲಿಯ ಮೇಲೆ ದೊಡ್ಡದನ್ನು ಬರೆದು ಸಣ್ಣದನ್ನು ಕೊಡುವುದು ಎಂಥ ವ್ಯವಹಾರವೆಂದು ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಹೀಗೆ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸವದತ್ತಿಯಲ್ಲಿ ನನ್ನ ಅಕ್ಕನ ಮಗಳ ಮದುವೆ ನಿಶ್ಚಯ ಬಂತು. ಡಿಗ್ರಿ ಹುಡುಗಿಯೊಬ್ಬಳಿಗೆ ಬೀಗದ ಕೈ ಕೊಟ್ಟು ಹೋದೆ. ಮರುದಿನ ಬಂದರೆ ಮೂಲೆಯ ಕುರ್ಚಿಯಲ್ಲಿ ಅಜ್ಜ ಒಬ್ಬರೇ ಇದ್ದರು.

‘ಕೂಸು ಎಲ್ಲಿರಿ?’

‘ಹೊಟ್ಟಿ ನೋವಂತ. ಬರೂದಿಲ್ಲಂತ.’

ಹಿಂದಿನ ದಿನ ಏನಾಯಿತೆಂದು ಡಿಗ್ರಿ ಹುಡುಗಿ ನನ್ನನ್ನು ಬದಿಗೆ ಕರೆದು ಹೇಳಿದಳು. ನಾನಿಲ್ಲದ್ದನ್ನು ಕಂಡ ಅಜ್ಜ ಪಾಠವನ್ನು ತಾವೇ ವಹಿಸಿಕೊಂಡರಂತೆ. ಕೌದಿ ಪೆಟ್ಟಿಗೆ ಎಲ್ಲ ಬದಿಗಿಟ್ಟು, ಮೊಮ್ಮಗಳ ಕೈ ಮೇಲೆ ತಮ್ಮ ಟವೆಲ್ಲು ಮುಚ್ಚಿ, ‘ನೋಡದ ಹೊಡಿ’ ಎಂದು ಒಂದು ತಾಸು ಎ ಎಸ್ ಡಿ ಎಫ್ ಹೊಡೆಸಿದ್ದರಂತೆ. ತಪ್ಪಾದಾಗಲೆಲ್ಲ ಮೊದಲಿಂದ. ಕೊನೆಗೆ ಹುಡುಗಿ ಟವೆಲ್ಲಿನಿಂದಲೇ ಕಣ್ಣು ಒರೆಸಿಕೊಂಡಳಂತೆ.

ಅಜ್ಜನ ಮುಖ ಸಾಕಷ್ಟು ಸಣ್ಣದಾಗಿತ್ತು. ನಾನು ಕೇಳುವ ಮೊದಲೇ ಅವರೇ ಶುರು ಮಾಡಿದರು.

‘ನಮಗ ಹಂಗ ಕಲಿಸಿದ್ರು, ಬಾಯಾರ.’

‘ಆವಾಗ ನಿಮ್ಮ ವಯಸ್ಸು ಎಷ್ಟಿತ್ರಿ?’

ಅವರು ಲೆಕ್ಕ ಹಾಕಿದರು. ‘ಮೆಟ್ರಿಕ್ ಆಗಿತ್ತು. ಮೀಸಿ ಬಂದಿದ್ದವು.’ ಅದನ್ನು ಹೇಳಿದ ಮೇಲೆ ತಮ್ಮ ಉತ್ತರವನ್ನೇ ಇನ್ನೊಮ್ಮೆ ಕೇಳಿಸಿಕೊಂಡವರ ಹಾಗೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

‘ಬಂದೀರಿ, ಒಂದ ಆಟ ಆಡೇ ಹೋಗ್ರಿ’ ಎಂದು ನಾನು ಅವರನ್ನು ಹುಡುಗಿಯ ಜಾಗದಲ್ಲಿ ಕೂರಿಸಿದೆ. ಅದು ಕಂಪ್ಯೂಟರಿನ ಆಟ: ತೆರೆಯ ಮೇಲಿನಿಂದ ಅಕ್ಷರಗಳು ಬಲೂನಿನ ಹಾಗೆ ಇಳಿಯುತ್ತವೆ. ನೆಲ ಮುಟ್ಟುವ ಮೊದಲು ಆ ಕೀಲಿ ಒತ್ತಿದರೆ ಒಡೆಯುತ್ತವೆ. ಅಜ್ಜ ಅಂಗಿಯ ತೋಳು ಏರಿಸಿದರು. ಬೆರಳುಗಳು ಸರಿಯಾದ ಜಾಗಕ್ಕೇ ಹೋದವು; ಅಷ್ಟು ವರ್ಷಗಳ ವಿದ್ಯೆ ಎಲ್ಲಿ ಹೋದೀತು. ಆದರೆ ಅವರು ಒತ್ತುತ್ತಿರಲಿಲ್ಲ, ಕುಟ್ಟುತ್ತಿದ್ದರು. ಹಳೆಯ ಮಷಿನ್ನಿಗೆ ಬೇಕಾದ ಜೋರನ್ನೆಲ್ಲ ಕೊಟ್ಟು, ಒತ್ತಿದ ಬೆರಳನ್ನು ಅಲ್ಲೇ ಒಂದು ಕ್ಷಣ ನಿಲ್ಲಿಸಿಬಿಡುತ್ತಿದ್ದರು. ಒಂದು ಎಫ್ ಬೇಕಾದಲ್ಲಿ ಎಫ್‌ಗಳ ಸಾಲೇ ಹೊರಟು, ಆಟವು ಅದನ್ನೆಲ್ಲ ತಪ್ಪೆಂದು ಬರೆದುಕೊಳ್ಳುತ್ತಿತ್ತು. ನಡುನಡುವೆ ಎಡಗೈ ತಾನಾಗಿಯೇ ಮೇಲೆದ್ದು, ಹಳೆಯ ಮಷಿನ್ನಿನಲ್ಲಿ ಸಾಲು ಬದಲಿಸುವ, ಇಲ್ಲಿ ಇಲ್ಲದ ಹಿಡಿಕೆಯನ್ನು ಬಲಕ್ಕೆ ತಳ್ಳಿ ಬರುತ್ತಿತ್ತು. ಅಷ್ಟರಲ್ಲಿ ಬಲೂನುಗಳು ಒಂದೊಂದೇ ನೆಲ ಮುಟ್ಟಿ ಆಟ ಮುಗಿಯುತ್ತಿತ್ತು.

‘ಇನ್ನೊಂದು ಸಲ’ ಎಂದರು. ಊಟದ ಹೊತ್ತಿನವರೆಗೂ ಹಾಗೆಯೇ ಎನ್ನುತ್ತಿದ್ದರು. ಡಿಗ್ರಿ ಹುಡುಗಿಯರು ತಮ್ಮ ಕೆಲಸ ಬಿಟ್ಟು ಹಿಂದೆ ನಿಂತು, ‘ಅಜ್ಜಾರ, ಕ್ಯೂ ಬಂತು, ಕ್ಯೂ ಬಂತು’ ಎಂದು ಎಚ್ಚರಿಸತೊಡಗಿದ್ದರು.

ಸೋತ ಸುದ್ದಿಯನ್ನು ಅವರೇ ಮನೆಯಲ್ಲಿ ಹೇಳಿರಬೇಕು. ಯಾಕೆಂದರೆ ಮರುದಿನ ಹುಡುಗಿಯ ಹೊಟ್ಟೆನೋವು ಪೂರಾ ಹೋಗಿತ್ತು. ಬಂದವಳೇ ಕೌದಿ ಮಡಚಿ ಹಾಕಿ, ಪೆಟ್ಟಿಗೆ ಎಳೆದು, ಅಜ್ಜನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.

‘ಬೆನ್ನು ಸೀದಾ ಮಾಡ್ ಅಜ್ಜಾ. ಮುಂಗೈ ಟೇಬಲ್ಲಿಗೆ ಒರಗಸಬ್ಯಾಡ. ಮೆಲ್ಲಕ ಮುಟ್ಟು, ಬೆಕ್ಕಿನ ಮರಿ ಮುಟ್ಟಿದಂಗ.’

ಬೆಕ್ಕಿನ ಮರಿಯ ಮಾತು ನನ್ನದಲ್ಲ. ನಾನು ಆಮೇಲೆ ಕಲಿಯಲು ಬಂದವರಿಗೆಲ್ಲ ಅದನ್ನೇ ಹೇಳುತ್ತ ಬಂದಿದ್ದೇನೆ.

ಆ ಸೂಟಿ ಮುಗಿಯುವ ಹೊತ್ತಿಗೆ ಅಜ್ಜ ಒಂದು ಆಟ ಗೆದ್ದರು. ಹುಡುಗಿ ಎರಡೂ ಕೈಯಲ್ಲಿ, ಯಾವ ಬೆರಳು ಸಿಕ್ಕರೆ ಆ ಬೆರಳಿನಲ್ಲಿ, ತನ್ನ ಹೆಸರು, ಅವ್ವನ ಹೆಸರು, ಮನೆಯ ನಾಯಿಯ ಹೆಸರು ಹೊಡೆಯುತ್ತಿದ್ದಳು. ‘ಇನ್ನ ಪಾಠ ಯಾವಾಗ್ರಿ?’ ಎಂದು ಅಜ್ಜ ಕೇಳಿದರು. ಈ ಸಲ ಧ್ವನಿಯಲ್ಲಿ ಹಟವಿರಲಿಲ್ಲ.

‘ನಾಲ್ಕೂ ಬೆರಳು ಎಳೆದಾಡದ ಕೂಡಬೇಕು. ಶಬ್ದ ನೋಡಿದ ಕೂಡಲೇ ಓದಬೇಕು, ಅಕ್ಷರ ಜೋಡಿಸ್ಕೋತ ಅಲ್ಲ. ಮತ್ತ ಯಾರೂ ಹೇಳದ ಕಾಲು ತಾಸು ಒಂದ ಕಡೆ ಕುಂದರಬೇಕು. ಅಂದ ಶುರು ಮಾಡೋಣು.’

‘ಮೂರನೇದ್ದು ನನಗೂ ಬರೂದಿಲ್ಲ’ ಎಂದರು.

ಮುಂದಿನ ಬೇಸಿಗೆಗೂ ಬಂದರು, ಅದರ ಮುಂದಿನದಕ್ಕೂ. ಪ್ರತಿಸಲವೂ ಮೊದಲು ಹುಡುಗಿಯ ಕೈಯನ್ನು ಎ ಎಸ್ ಡಿ ಎಫ್ ಮೇಲೆ ಇಡಿಸಿ ನೋಡುವುದು, ತಲೆ ಅಲ್ಲಾಡಿಸುವುದು, ಆಮೇಲೆ ಆಟಕ್ಕೆ ಕೂರುವುದು. ನಾಲ್ಕನೆಯ ತರಗತಿಗೆ ಕಾಲಿಡುವ ವರ್ಷ ಕೈ ಸರಿಯಾಗಿ ಕೂತಿತು. ಕಿರುಬೆರಳು ಸೋಮಾರಿಯಾಗಿಯೇ ಇತ್ತು. ಯಾರ ಕಿರುಬೆರಳಾದರೂ ಹಾಗೆಯೇ. ಸಾಲುಸಾಲಾಗಿ ಪಾಠ ಶುರು ಮಾಡಿದೆವು. ವೇಗದ ಮಾತೆತ್ತದೆ, ತಪ್ಪಿಲ್ಲದೆ ನಿಧಾನವಾಗಿ, ದಿನಕ್ಕೆ ಸ್ವಲ್ಪವೇ. ಆರನೆಯ ವಯಸ್ಸಿನಲ್ಲಿ ಕಣ್ಣೀರು ತರಿಸಿದ್ದ ಸಾಲನ್ನು ಅವಳು ಆ ಮೊದಲ ವಾರದಲ್ಲೇ ಕೀಲಿ ನೋಡದೆ ಹೊಡೆದಳು. ಟವೆಲ್ಲು ಅಜ್ಜನ ಹೆಗಲ ಮೇಲೇ ಇತ್ತು. ಅವರು ಮುಖ ಕಿಟಕಿಯ ಕಡೆ ತಿರುಗಿಸಿ ಬಜಾರ ನೋಡುತ್ತ ಕೂತಿದ್ದರು.

ಈಗ ಅವರಿಗೆ ನನ್ನ ಕ್ಲಾಸಿನಲ್ಲಿ ಕೆಲಸವಿಲ್ಲ, ಆದರೂ ಬರುತ್ತಾರೆ. ಹೋದ ತಿಂಗಳು ಕಟಕೋಳದಿಂದ ಯಾರೋ ಫೋನು ಮಾಡಿ, ಮೊಮ್ಮಗ ಯುಕೆಜಿಯಲ್ಲಿದ್ದಾನೆ, ಟೈಪಿಂಗಿಗೆ ಹಾಕಬೇಕು ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಕೈ ಚಾಚಿ ಫೋನು ಇಸಿದುಕೊಂಡರು.

‘ಕೇಳ್ರಿ ಯಜಮಾನ್ರ, ಈಗ ಆಡಾಕ ಬಿಡ್ರಿ. ಮೂರನೆತ್ತಾ ನಾಲ್ಕನೆತ್ತಾ ಆಗಲಿ. ಇದು ನನ್ನ ಅನುಭವದ ಮಾತು, ನಾ ಮೊದಲಿಂದಲೂ ಹೇಳಕೋತನ ಬಂದೇನಿ.’

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಫೋನು ಮಾಡಿದವರು ಒಪ್ಪಲಿಲ್ಲವೇನೋ. ಅಜ್ಜ ಕುರ್ಚಿಯನ್ನು ಟೇಬಲ್ಲಿಗೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಾಲುಗಳನ್ನು ನೆಲಕ್ಕೆ ಊರಿ, ಮಗುವಿನ ಬೆರಳು ಯಾಕೆ ಇನ್ನೂ ಬೆಳೆಯಬೇಕೆಂದು ಕಟಕೋಳಕ್ಕೆ ವಿವರಿಸತೊಡಗಿದರು.