ಓದಿನ ಯೋಜನೆಯಲ್ಲಿ ನನ್ನದೂ ಒಂದು ಸಾಲು

ಹರಿಹರದ ನಮ್ಮ ಮನೆಯಿಂದ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ನನ್ನ ಮೊಮ್ಮಗಳು ಬಿ.ಎಸ್ಸಿ.ಯಲ್ಲಿ ಫಿಸಿಕ್ಸ್ ಪೇಪರ್ ಫೇಲಾಗಿದ್ದಳು. ಮರುಪರೀಕ್ಷೆಯಲ್ಲೂ ಹೋದರೆ ಓದನ್ನೇ ಬಿಡುತ್ತೇನೆಂದು ಮುಖ ಊದಿಸಿಕೊಂಡಿದ್ದಳು. ಅವಳ ಮೆಂಟರ್ ಮೇಡಂ, ಅಂದರೆ ಹೇಗೆ ಓದಬೇಕೆಂದು ದಾರಿ ಹೇಳುವವರು, ಕರೆದು ಮಾತಾಡಿಸಿದರು. ಅವರನ್ನು ಕೇಳಿಯೇ ಆ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಷ್ಟುದ್ದದ ಮಾತನ್ನು ಫೋನಿನ ಎಐ ತಾನಾಗಿ ಅಕ್ಷರ ಮಾಡಿ, ಸೋಸಿ ಒಂದು ಪುಟದ ಓದಿನ ಯೋಜನೆ ಮಾಡಿಕೊಡುತ್ತದೆಂದರೆ ನೋಡದೆ ಇರಲಾದೀತೆ? ಅವರೆಕಾಯಿ ಸುಲಿಯುವುದನ್ನು ಬಿಟ್ಟು ಪಕ್ಕದಲ್ಲಿ ಕೂತೆ.

“ಏನ್ ಬಂತು, ಓದು.”

“ಬೆಳಗ್ಗೆ ನಾಕಕ್ಕೆ ಎದ್ದು ಓದಬೇಕು. ಬಸ್ಸಲ್ಲಿ ಸೂತ್ರ ನೋಡಬೇಕು. ಶನಿವಾರ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ ಮೇಡಂಗೆ ತೋರಿಸಬೇಕು.”

“ನಾಕಕ್ಕಾ? ಏಳಕ್ಕೆ ನಿನ್ನ ಎಬ್ಬಿಸಾಕೆ ಮುಖಕ್ಕೆ ನೀರು ಚಿಮುಕಿಸ್ಬೇಕು! ನಿಮ್ ಮೇಡಂ ಹಂಗಂದ್ರಾ?”

ಅವಳಿಗೂ ಅನುಮಾನ ಬಂದು ರೆಕಾರ್ಡು ಹಾಕಿದಳು. ನಾಲ್ಕಕ್ಕೆ ಏಳುತ್ತೇನೆ ಎಂದವಳು ಅವಳೇ. ಮೇಡಂ, “ಬ್ಯಾಡಮ್ಮ, ನಿದ್ದೆ ಕೆಡಿಸ್ಕೊಬ್ಯಾಡ, ಸಂಜೆ ಓದು” ಎಂದಿದ್ದರು. ಯಾವ ಮಾತು ಯಾರದೆಂದು ಫೋನಿಗೆ ತಿಳಿದಿರಲಿಲ್ಲ.

“ಹಂಗಾದ್ರೆ ಪೂರ್ತಿ ಕೇಳಾಣ” ಎಂದೆ. ಕೊನೆಗೆ ಬಂದಾಗ ಮೇಡಂ ಕೇಳುತ್ತಿದ್ದರು, “ಮನೇಲಿ ಯಾರಿರ್ತಾರೆ?”

“ಅಜ್ಜಿ, ಮೇಡಂ. ಜಾಸ್ತಿ ಓದಿಲ್ಲ.”

“ಬಾಳ ಒಳ್ಳೇದಾತು. ದಿನಾ ಓದಿದ್ದನ್ನ ಅವರಿಗೆ ಹೇಳು. ಅಜ್ಜಿಗೆ ತಿಳಿಯಂಗೆ ಹೇಳಾಕೆ ಬಂದ್ರೆ ನಿನಗೂ ತಿಳಿದೈತೆ ಅಂತ.”

ಅದನ್ನು ಫೋನು ಬರೀ ಹರಟೆ ಎಂದುಕೊಂಡು ಬಿಟ್ಟೇಬಿಟ್ಟಿತ್ತು!

“ನನ್ನ ಯಾಕ ಬಿಡ್ತು? ಬರಿ, ಬರಿ!”

“ಬರೀತೀನಿ ಬಿಡಜ್ಜಿ, ಫೋನ್ ಜೊತೆ ಜಗಳ ಆಡಬ್ಯಾಡ.”

ನಾಲ್ಕು ಗಂಟೆಯನ್ನು ಅಳಿಸಿ, ಓದನ್ನು ಸಂಜೆಗೆ ತಂದು, ಅದರ ಕೆಳಗೆ ‘ಅಜ್ಜಿಗೆ ಹೇಳುವುದು’ ಎಂದು ಸೇರಿಸಿ ಮೇಡಂಗೆ ಕಳಿಸಿದಳು. ಇದು ಸರಿಯಾಗಿದೆ, ಹೀಗೇ ನಡೆಯಲಿ ಎಂದು ಉತ್ತರ ಬಂತು. ನನ್ನ ಸಂತೋಷ ಹೇಗೆ ಹೇಳಲಿ! ಪಕ್ಕದ ಮನೆಯವರಿಗೂ ಹೋಗಿ ಹೇಳಿ ಬಂದೆ.

ಮೊದಲ ಸಂಜೆಯ ಪಾಠ ಶಾಖದ ಮೇಲೆ.

“ಗಾಳಿನ ಜೋರಾಗಿ ಒತ್ತಿದ್ರೆ ಬಿಸಿ ಆಗ್ತೈತೆ ಅಜ್ಜಿ. ಸೈಕಲ್ ಪಂಪ್ ಹೊಡೆದಾಗ ಮುಟ್ಟಿ ನೋಡು.”

“ಬೆಂಕಿನೇ ಇಲ್ಲ, ಬಿಸಿ ಎಲ್ಲಿಂದ ಬಂತು?”

ಸೂತ್ರ ಗಡಗಡ ಹೇಳಿದಳು, ಅದು ನನಗೆ ತಿಳಿಯಬೇಕಲ್ಲ! ಪುಸ್ತಕ ತಿರುವಿ ಹಾಕುತ್ತ ಕೂತವಳು, ನಾನು ರೊಟ್ಟಿ ತಟ್ಟುವಾಗ ಓಡಿ ಬಂದಳು.

“ಒತ್ತಾಕೆ ನೀನು ಹಾಕ್ತೀಯಲ್ಲ, ಆ ಕಸುವೇ ಗಾಳಿ ಒಳಗೆ ಹೋಗಿ ಬಿಸಿ ಆಗಾದು! ಜಲ್ದಿ ಒತ್ತಿದ್ರೆ ಆ ಬಿಸಿಗೆ ಹೊರಗೆ ಹೋಗಾಕೆ ಪುರಸೊತ್ತೇ ಇರಲ್ಲ.”

ನನಗೆ ತಿಳಿಯಿತು. ನನಗೆ, ಫಿಸಿಕ್ಸು!

ಮರುಪರೀಕ್ಷೆ ಪಾಸಾದಳು. ಮುಂದಿನ ಸೆಮಿಸ್ಟರಿನಲ್ಲಿ ಬೆಳಕಿನ ಪಾಠವಂತೆ. ಕಾಲೇಜು ಶುರುವಾಗುವವರೆಗೆ ಕಾಯುವ ತಾಳ್ಮೆ ನನಗೆಲ್ಲಿದೆ? ಇವತ್ತೇ ಕೇಳಿಬಿಟ್ಟೆ: ಕೆಂಪು ಸೀರೆ ಉಟ್ಟರೂ ನೆರಳು ಯಾಕೆ ಕಪ್ಪಗೇ ಬೀಳುತ್ತದೆ?