ಘೋಷಣಾ ಪತ್ರದಲ್ಲಿ ನಾಪತ್ತೆಯಾದ ‘ನಾನು’

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಿಂದ ಲೀಲಾವತಿ ದಂಡಯಾತ್ರೆ ಹೊರಟಳು. ಆಯುಧ ಒಂದು ಪ್ಲಾಸ್ಟಿಕ್ ಫೋಲ್ಡರು; ಚತುರಂಗ ಸೈನ್ಯವೆಂದರೆ ಬಸ್ ಸ್ಟಾಪಿನವರೆಗೆ ಅದನ್ನು ಹೊತ್ತು ಬಂದ ಗಂಡ ದಕ್ಷಿಣಾಮೂರ್ತಿ. ಕೇಂದ್ರ ಸಚಿವಾಲಯವೊಂದರಲ್ಲಿ ಕಡತಗಳಿಗೆ ಟಿಪ್ಪಣಿ ಬರೆಯುತ್ತಲೇ ಕೂದಲು ನರೆಸಿಕೊಂಡ ಈಕೆ, ದೆಹಲಿ ಕನ್ನಡಿಗರ ಅಡುಗೆಮನೆಯ ಮಾತಿನ ಮೇಲೆ ಪಿಎಚ್.ಡಿ. ಮಹಾಪ್ರಬಂಧ ಬರೆದು ಮುಗಿಸಿದ್ದಳು. ಸಲ್ಲಿಸಲು ಇಂದೇ ಕಡೆಯ ದಿನ. ತಪ್ಪಿದರೆ ನೋಂದಣಿ ರದ್ದು.

ಅಧ್ಯಾಯಗಳೆಲ್ಲ ಪಾಸಾಗಿದ್ದವು. ಉಳಿದದ್ದು ಮುಂಪುಟಗಳಿಗೆ ಮಾರ್ಗದರ್ಶಕಿಯ ಮತ್ತು ವಿಭಾಗದ ಮುಖ್ಯಸ್ಥರ ಸಹಿ, ಆಮೇಲೆ ಬೈಂಡಿಂಗ್. ಮಾರ್ಗದರ್ಶಕಿ ಸಂಯುಕ್ತಾ ವಯಸ್ಸಿನಲ್ಲಿ ತಂಗಿಯಂಥವಳು. ಇಬ್ಬರೂ ಪರಸ್ಪರ ‘ಮೇಡಂ’ ಎಂದೇ ಕರೆದುಕೊಳ್ಳುತ್ತಿದ್ದರು; ಯಾರು ಯಾರಿಗೆ ಹೆದರಬೇಕೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.

ವಿಶ್ವವಿದ್ಯಾಲಯದ ತನ್ನ ಕೊಠಡಿಯಲ್ಲಿ ಸಂಯುಕ್ತಾ ಪುಟ ತಿರುವಿದಳು. ಮೊದಲಿಗೆ ಕೃತಜ್ಞತೆ: ಗುರುಗಳು, ಗಂಡ, ಮಗಳು, ಕುಕ್ಕರ್ ಕೂಗುವಾಗಲೂ ಸಂದರ್ಶನ ಕೊಟ್ಟ ನೆರೆಹೊರೆಯವರು. ಆಮೇಲೆ ಸಾರಾಂಶ. ಆಮೇಲೆ ಮಾರ್ಗದರ್ಶಕರ ಪ್ರಮಾಣಪತ್ರ. ಎಲ್ಲರದೂ ಆದ ಮೇಲೆ, ಪಂಕ್ತಿಯಲ್ಲಿ ಕೊನೆಗೆ ಕೂತ ಗೃಹಿಣಿಯ ಹಾಗೆ, ಸಂಶೋಧಕಿಯ ಘೋಷಣಾ ಪತ್ರ. ಅದರಲ್ಲಿ ಹೀಗಿತ್ತು: ‘ಸದರಿ ಸಂಶೋಧನೆಯನ್ನು ಕೈಗೊಳ್ಳಲಾಗಿದ್ದು, ಬೇರಾವ ಪದವಿಗೂ ಸಲ್ಲಿಸಲಾಗಿಲ್ಲವೆಂದು ತಿಳಿಸಲಾಗಿದೆ.’

“ಕೈಗೊಂಡಿದ್ದು ಯಾರು ಮೇಡಂ?”

ಲೀಲಾವತಿ ತಬ್ಬಿಬ್ಬಾದಳು. ಕಡತದಲ್ಲಿ ಎಲ್ಲವೂ ತಾನಾಗಿ ಆಗುತ್ತದೆ, ಮಾಡಿದವರು ಇರುವುದಿಲ್ಲ ಎಂದು ವಿವರಿಸಿದಳು. ಗುರುಗಳಿಗಿಂತ ಮೊದಲು ತಾನು ನಿಲ್ಲುವುದು ಅಹಂಕಾರವೆಂದೂ ಸೇರಿಸಿದಳು.

ಸಂಯುಕ್ತಾ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

“ಇದು ನನ್ನ ಕೆಲಸ ಅಂತ ನೀವು ಮೊದಲು ಹೇಳ್ಬೇಕು. ಆಮೇಲೆ ತಾನೇ ನಾನು ಹೌದು ಅನ್ನೋದು? ನೀವೇ ಹೇಳ್ದೆ ಇದ್ರೆ ನಾನು ಯಾವುದಕ್ಕೆ ಸಹಿ ಹಾಕ್ಲಿ?” ಎಂದಳು. ಅನಂತರ ಮೆತ್ತಗೆ, “ನಿಮ್ಮ ಘೋಷಣೆ ಮೊದಲನೇ ಪುಟ, ನನ್ನ ಪ್ರಮಾಣಪತ್ರ ಎರಡನೇದು, ಥ್ಯಾಂಕ್ಸು ಮೂರನೇದು ಮೇಡಂ. ಸಾರಾಂಶ ಅದರ ಹಿಂದೆ. ಚಲೋ, ಬೇಗ ಹೋಗಿ ಬನ್ನಿ,” ಎಂದು ಬಾಗಿಲು ತೋರಿಸಿದಳು.

ಗೇಟಿನೆದುರಿನ ಟೈಪಿಂಗ್ ಅಂಗಡಿಯ ಭಯ್ಯಾಗೆ ಕನ್ನಡ ಬಾರದು. ಲೀಲಾವತಿ ತಾನೇ ಕೀಬೋರ್ಡಿನ ಮುಂದೆ ಕೂತಳು. ‘ನಾ’ ಒತ್ತಿದಳು, ಅಳಿಸಿದಳು. ಕಡತಗಳಲ್ಲಿ ಒಮ್ಮೆಯೂ ಬರೆಯದ ಎರಡು ಅಕ್ಷರ. ಕೋಟೆ ಬಾಗಿಲಿಗಿಂತ ಭಾರ. ಹಿಂದೆ ಸರದಿಯಲ್ಲಿ ನಿಂತ ವಿದ್ಯಾರ್ಥಿಗಳು ಗೊಣಗತೊಡಗಿದಾಗ ಒಂದೇ ಉಸಿರಿಗೆ ಹೊಡೆದಳು: ‘ಈ ಮಹಾಪ್ರಬಂಧವು ನಾನು ಸ್ವತಃ ಕೈಗೊಂಡ ಸಂಶೋಧನೆಯ ಫಲ. ಇದನ್ನು ಬೇರಾವ ಪದವಿಗೂ ಸಲ್ಲಿಸಿಲ್ಲ.’ ಮುದ್ರಿಸಿದ ಹಾಳೆಯ ಕೆಳಗೆ ತನ್ನ ಸಹಿ ಹಾಕಿ, ಅದನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು.

ಸಂಯುಕ್ತಾ ಅದನ್ನು ಓದಿ, ಮರುಪುಟದ ಪ್ರಮಾಣಪತ್ರಕ್ಕೆ ಸಹಿ ಮಾಡಿದಳು. ಮುಖ್ಯಸ್ಥರ ಸಹಿಯೂ ಬಿತ್ತು, ಬೈಂಡಿಂಗೂ ಆಯಿತು, ಕಚೇರಿ ಮುಚ್ಚುವ ಮುನ್ನ ಪ್ರಬಂಧ ಒಳಸೇರಿತು.

ಹೊರಬಂದು ಗಂಡನಿಗೆ ಫೋನು ಮಾಡಿದಳು.

“ನಿಮ್ಮ ಹೆಸರಿದ್ದ ಥ್ಯಾಂಕ್ಸ್ ಪುಟ ಹಿಂದಕ್ಕೆ ಹೋಯ್ತು ರೀ.”

“ಅಚ್ಛಾ? ಮುಂದೆ ಯಾರಿದಾರೆ?”

ಲೀಲಾವತಿ ಖಾಲಿ ಫೋಲ್ಡರನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ನಾನು,” ಎಂದಳು.